ಟ್ಯಾಂಕರ್ ನೀರು, ಇಪ್ಪತ್ತನಾಲ್ಕು ಮನೆ ಮತ್ತು ಒಂದು ವಾಲ್ವ್

ಬೆಳಿಗ್ಗೆ ಐದೂಮುಕ್ಕಾಲಕ್ಕೆ ಟಾರ್ಚ್ ಹಿಡಿದು ಟೆರೇಸಿಗೆ ಹೋದೆ. ಮೇಲಿನ ಟ್ಯಾಂಕಿನಿಂದ ಮನೆಗಳಿಗೆ ನೀರು ಇಳಿಯುವ ಪೈಪಿನ ವಾಲ್ವ್ ಅನ್ನು ರಾತ್ರಿ ನಾನೇ ನಿಂತು ಬಂದ್ ಮಾಡಿಸಿದ್ದೆ. ಈಗ ನೋಡಿದರೆ ಅರ್ಧ ತೆರೆದಿತ್ತು. ಪಕ್ಕದಲ್ಲಿ ಒದ್ದೆ ಚಪ್ಪಲಿಯ ಗುರುತು. ಟ್ಯಾಂಕಿಗೆ ಬಗ್ಗಿ ನೋಡಿದೆ. ತಳದಲ್ಲಿ ಒಂದು ಗೇಣು ನೀರು, ಅದರಲ್ಲೂ ಕೆಂಪು ಕೆಸರು.

ಇದು 2023ರ ಮೇ ತಿಂಗಳು. ಮಂಗಳೂರಿಗೆ ನೀರು ಬರುವುದು ನೇತ್ರಾವತಿಗೆ ಕಟ್ಟಿದ ತುಂಬೆ ಕಿಂಡಿ ಅಣೆಕಟ್ಟಿನಿಂದ. ಆ ವರ್ಷ ಮಳೆ ತಡವಾಯಿತು, ಅಲ್ಲಿ ನೀರು ಇಳಿಯಿತು, ಪಾಲಿಕೆ ದಿನ ಬಿಟ್ಟು ದಿನ ನೀರು ಬಿಡತೊಡಗಿತು. ನಮ್ಮ ಬೋರ್‌ವೆಲ್ ನಲವತ್ತು ನಿಮಿಷ ಓಡಿ ಗಾಳಿ ಕಕ್ಕುತ್ತಿತ್ತು. ಉಳಿದದ್ದು ಟ್ಯಾಂಕರ್. ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತನಾಲ್ಕು ಮನೆ, ಅದರಲ್ಲಿ ಐದಕ್ಕೆ ಬೀಗ, ಓನರ್‌ಗಳು ಗಲ್ಫ್‌ನಲ್ಲಿ. ಸೆಕ್ರೆಟರಿ ನಾನು.

ತಮಾಷೆ ಏನೆಂದರೆ, ಜಗಳ ಬಿಡಿಸುವುದನ್ನು ಕಂಪೆನಿಗಳಿಗೆ ಹೋಗಿ ಕಲಿಸುವುದೇ ನನ್ನ ಹೊಟ್ಟೆಪಾಡು. ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ 1974ರಲ್ಲಿ ಹೊರತಂದ ಪ್ರಶ್ನಾವಳಿಯನ್ನು ತರಬೇತಿಯಲ್ಲಿ ತುಂಬಿಸುತ್ತೇನೆ. ಮೂವತ್ತು ಜೋಡಿ ವಾಕ್ಯ, ಪ್ರತಿ ಜೋಡಿಯಲ್ಲಿ ಒಂದನ್ನು ಆರಿಸಬೇಕು. ನಮ್ಮ ಬೇಡಿಕೆಗೆ ಎಷ್ಟು ಅಂಟಿಕೊಳ್ಳುತ್ತೇವೆ, ಎದುರಿನವರ ಬೇಡಿಕೆಗೆ ಎಷ್ಟು ಕಿವಿ ಕೊಡುತ್ತೇವೆ ಎಂಬ ಎರಡು ಅಳತೆಯ ಮೇಲೆ ಐದು ರೀತಿ ಹೊರಬೀಳುತ್ತವೆ. ಜಗಳದಿಂದ ದೂರ ಉಳಿಯುವುದು, ಪಟ್ಟು ಹಿಡಿಯುವುದು, ಅರ್ಧಕ್ಕರ್ಧ ರಾಜಿ, ಬಿಟ್ಟುಕೊಡುವುದು, ಕೂತು ಇಬ್ಬರಿಗೂ ಆಗುವ ದಾರಿ ಹುಡುಕುವುದು. ಒಂದೊಂದಕ್ಕೂ ಹೆಚ್ಚೆಂದರೆ ಹನ್ನೆರಡು ಅಂಕ. ನನಗೆ ರಾಜಿಯಲ್ಲಿ ಹತ್ತು, ಪಟ್ಟು ಹಿಡಿಯುವುದರಲ್ಲಿ ಎರಡು. ಈ ಅಂಕ ನಮ್ಮ ಅಭ್ಯಾಸವನ್ನು ಹೇಳುತ್ತದೆ, ಜಾಣತನವನ್ನಲ್ಲ. ಅದನ್ನು ಬೇರೆಯವರಿಗೆ ನೂರು ಸಲ ಹೇಳಿದ್ದೆ. ನನ್ನ ಅಭ್ಯಾಸವೇ ಆ ಮೇ ತಿಂಗಳಲ್ಲಿ ನನಗೆ ಕೈಕೊಟ್ಟಿತು.

ಮೊದಲ ಮೀಟಿಂಗ್ ಪಾರ್ಕಿಂಗ್ ಜಾಗದಲ್ಲಿ, ಕುರ್ಚಿ ಹಾಕಿಕೊಂಡು ನಡೆಯಿತು. ಟ್ಯಾಂಕರ್ ದುಡ್ಡು ಹೇಗೆ ಹಂಚುವುದು ಅನ್ನುವುದೇ ಪ್ರಶ್ನೆ. 103ರಲ್ಲಿ ರಿಟೈರ್ಡ್ ಗಂಡ ಹೆಂಡತಿ ಇಬ್ಬರೇ. "ತಲೆ ಲೆಕ್ಕದಲ್ಲಿ ಹಂಚಿ" ಅಂದರು. 204ರಲ್ಲಿ ಏಳು ಜನ. "ಎಲ್ಲರಿಗೂ ಸಮ ಹಂಚಿ, ಮೇಂಟೆನೆನ್ಸ್ ಸಮ ಕೊಡುವುದಿಲ್ಲವಾ?" ಅಂದರು. ನಾನು ಹದಿನೈದೇ ನಿಮಿಷದಲ್ಲಿ ಮುಗಿಸಿದೆ. ಅರ್ಧ ದುಡ್ಡು ಇಪ್ಪತ್ತನಾಲ್ಕು ಮನೆಗೆ ಸಮ, ಇನ್ನರ್ಧ ತಲೆ ಲೆಕ್ಕ. ಎಲ್ಲರೂ ತಲೆಯಾಡಿಸಿದರು. ಮನೆಗೆ ಬಂದು ಚಹಾ ಕುಡಿಯುವಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ವಾರದೊಳಗೆ ಅದು ಬಿದ್ದುಹೋಯಿತು. ಗಲ್ಫಿನವರು, "ಒಂದು ಹನಿ ಮುಟ್ಟದ ನಾವು ಯಾಕೆ ಕೊಡಬೇಕು?" ಎಂದು ಮೆಸೇಜ್ ಹಾಕಿದರು. ರಜೆಗೆ ಬಂದ ನೆಂಟರ ತಲೆ ಲೆಕ್ಕಕ್ಕೆ ಉಂಟಾ ಇಲ್ಲವಾ ಎಂದು ಲಿಫ್ಟಿನಲ್ಲಿ ಚರ್ಚೆ. ದುಡ್ಡಿನ ಜಗಳ ನಿಧಾನಕ್ಕೆ ಕಾರು ತೊಳೆಯುವ ಜಗಳವಾಯಿತು, ಆಮೇಲೆ ನಾಯಿಗೆ ಸ್ನಾನ ಮಾಡಿಸುವ ಜಗಳವಾಯಿತು. ರಾಜಿ ಕೂತಿಲ್ಲ ಅನ್ನುವುದು ಗೊತ್ತಾಗುವುದೇ ಹೀಗೆ. ಅದೇ ವಿಷಯ ಬೇರೆ ಅಂಗಿ ಹಾಕಿಕೊಂಡು ಮತ್ತೆ ಬಾಗಿಲು ತಟ್ಟುತ್ತದೆ. ಯಾರಿಗೆ ಏನು ಚುಚ್ಚುತ್ತಿದೆ ಎಂದು ಕೇಳದೆ ನಾನು ಅಂಕಿಯನ್ನು ಮಾತ್ರ ಎರಡು ತುಂಡು ಮಾಡಿದ್ದೆ.

ಇದರ ಮಧ್ಯೆ ಒಂದು ರಾತ್ರಿ ಹನ್ನೊಂದು ಗಂಟೆಗೆ 302 ಮತ್ತು 401ನವರು ವಾಟ್ಸಾಪ್ ಗ್ರೂಪಿನಲ್ಲಿ ಕಾರು ತೊಳೆದ ವಿಷಯಕ್ಕೆ ಕಿತ್ತಾಡಿದರು. ಇಬ್ಬರೂ ನನ್ನನ್ನು ಎಳೆದರು. ನಾನು ಫೋನ್ ಬದಿಗಿಟ್ಟು ಮಲಗಿದೆ. ಬೆಳಿಗ್ಗೆ ಹತ್ತಕ್ಕೆ ಇಬ್ಬರಿಗೂ ಬೇರೆ ಬೇರೆ ಫೋನ್ ಮಾಡಿದೆ. ಅಷ್ಟರಲ್ಲಿ ಒಬ್ಬರು ತಮ್ಮ ಮೆಸೇಜನ್ನು ಡಿಲೀಟ್ ಮಾಡಿಯಾಗಿತ್ತು. ಮಂಡೆ ಬೆಚ್ಚ ಇರುವಾಗ ದೂರ ಉಳಿದದ್ದು ಸರಿಯೇ ಆಯಿತು.

ಆದರೆ ವಾಲ್ವ್ ವಿಷಯದಲ್ಲೂ ದೂರವೇ ಉಳಿದೆ, ಅದು ತಪ್ಪು. ತೆರೆಯುವುದು 402ರವರು ಎಂದು ವಾಚ್‌ಮನ್ ಮೊದಲ ದಿನವೇ ಹೇಳಿದ್ದ. ಮೂರು ದಿನ ಸುಮ್ಮನಿದ್ದೆ. "ಸ್ವಲ್ಪ ತಣ್ಣಗಾಗಲಿ" ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅವರ ಜೋರು ದನಿಗೆ ಹೆದರಿದ್ದೆ. ಕಾರಿನ ಜಗಳದಲ್ಲಿ ನಾಳೆ ಹತ್ತು ಗಂಟೆಗೆ ಮಾತಾಡುತ್ತೇನೆ ಎಂಬ ಲೆಕ್ಕ ಮಲಗುವಾಗಲೇ ಇತ್ತು. ವಾಲ್ವ್ ವಿಷಯದಲ್ಲಿ ಯಾವ ದಿನವೂ ಇರಲಿಲ್ಲ. ಈಗ ತರಬೇತಿಗೆ ಬರುವವರಿಗೂ ಇದನ್ನೇ ಕೇಳುತ್ತೇನೆ: ಸುಮ್ಮನಿದ್ದೀರಿ ಸರಿ, ಯಾವಾಗ ಮಾತಾಡುತ್ತೀರಿ? ಉತ್ತರ ಬಾರದಿದ್ದರೆ ಅದು ಕಾಯುವುದಲ್ಲ, ಓಡಿಹೋಗುವುದು.

ಮೂರು ದಿನದಲ್ಲಿ ಏನಾಯಿತು ನೋಡಿ. ರಾತ್ರಿ ಮೇಲಿನ ಟ್ಯಾಂಕ್ ಖಾಲಿಯಾದರೆ ಅದನ್ನು ತುಂಬಲು ಮೋಟಾರ್ ತಾನಾಗಿ ಓಡುತ್ತದೆ. ಕೆಳಗಿನ ಸಂಪಿನಲ್ಲೂ ನೀರಿಲ್ಲದಿದ್ದರೆ ಅದು ಖಾಲಿ ಓಡುತ್ತದೆ, ಬಿಸಿಯಾಗುತ್ತದೆ, ಸುಡುತ್ತದೆ. ನಮ್ಮದು ಸುಟ್ಟೇ ಹೋಯಿತು. ರಿವೈಂಡಿಂಗ್ ಆಗಿ ಬರಲು ಎರಡು ದಿನ. ಆ ಎರಡು ದಿನ ಹತ್ತೊಂಬತ್ತು ಮನೆಯವರೂ ಮೆಟ್ಟಿಲಲ್ಲಿ ಕೊಡ ಹೊತ್ತರು.

ಅಂದು ಸಂಜೆ ಟೆರೇಸ್ ಬಾಗಿಲಿಗೆ ಬೀಗ ಬಿತ್ತು. ಒಂದು ಕೀ ವಾಚ್‌ಮನ್ ಬಳಿ, ಒಂದು ನನ್ನ ಬಳಿ. 402ರವರು ಕೆಳಗೆ ಇಳಿದು ಬಂದರು.

"ಏನು ಮೇಡಂ, ಯಾರನ್ನು ಕೇಳಿ ಬೀಗ ಹಾಕಿದ್ದು? ಮೀಟಿಂಗ್ ಕರೆಯಿರಿ, ಮಾತಾಡುವಾ."

"ದುಡ್ಡು ಹಂಚುವುದು ಮೀಟಿಂಗ್ ವಿಷಯ ಸರ್. ಬೀಗ ಅಲ್ಲ. ಕಮಿಟಿಯವರು ಐದೂ ಜನ ಸೈನ್ ಹಾಕಿದ್ದಾರೆ, ನೋಟಿಸ್ ಲಿಫ್ಟಿನಲ್ಲಿ ಉಂಟು."

ಅಷ್ಟೇ ಮಾತು. ಪಟ್ಟು ಹಿಡಿಯುವಾಗ ಜಾಸ್ತಿ ವಿವರಿಸಿದರೆ ಎದುರಿನವರಿಗೆ ಚೌಕಾಸಿಗೆ ಜಾಗ ಸಿಗುತ್ತದೆ. ನಾನು ಜಗಳಕ್ಕೆ ಮೊದಲೇ ಆ ಐದು ಸೈನ್ ಮಾಡಿಸಿಕೊಂಡಿದ್ದೆ. ಬೆನ್ನಿಗೆ ಅಧಿಕಾರ ಇಲ್ಲದೆ ಪಟ್ಟು ಹಿಡಿದರೆ ಬರೀ ಬೊಬ್ಬೆ. ಇದಕ್ಕೆ ಬೆಲೆಯೂ ಉಂಟು. ಅವರು ಆಮೇಲೆ ನನ್ನ ಹತ್ತಿರ ಮಾತು ಬಿಟ್ಟರು. ಎಲ್ಲರ ನೀರು, ಎಲ್ಲರ ಮೋಟಾರ್ ಹಾಳಾಗುವಲ್ಲಿ ಆ ಬೆಲೆ ಕೊಡಬಹುದು. ದುಡ್ಡಿನ ಲೆಕ್ಕದಲ್ಲೂ ಹೀಗೆ ಮಾಡಿದ್ದರೆ ಯಾರೂ ಕೊಡುತ್ತಿರಲಿಲ್ಲ.

ದುಡ್ಡಿನದ್ದನ್ನು ಮೊದಲಿನಿಂದ ಶುರು ಮಾಡಿದೆ. ಕೂತು ದಾರಿ ಹುಡುಕಲು ದಿನ ಬೇಕು, ಟ್ಯಾಂಕರಿನವನಿಗೆ ದುಡ್ಡು ಇವತ್ತೇ ಬೇಕು. ಹಾಗಾಗಿ ಹತ್ತು ದಿನದ ಮಟ್ಟಿಗೆ ಮಾತ್ರ, ವಾಸವಿರುವ ಹತ್ತೊಂಬತ್ತು ಮನೆಗೆ ಸಮ ಪಾಲು ಎಂದೆ. ಆಮೇಲೆ ಏನು ನಿರ್ಧಾರವಾಗುತ್ತದೋ ಅದಕ್ಕೆ ಹೊಂದಿಸುವುದು. ಇದೂ ರಾಜಿಯೇ. ಆದರೆ ಈ ಸಲ ಅದಕ್ಕೆ ಮುಗಿಯುವ ದಿನ ಇತ್ತು, ಹಾಗಾಗಿ ಗೊಣಗಿದರೂ ಕೊಟ್ಟರು.

ನಂತರ ದಿನಾ ಸಂಜೆ ಎರಡು ಮೂರು ಮನೆಗೆ ಹೋದೆ. ಗುಂಪಿನಲ್ಲಿ ಕೇಳಿದರೆ ಜನ ಹಿಡಿದ ಮಾತನ್ನೇ ಹಿಡಿಯುತ್ತಾರೆ. ನಿಮಗೆ ಎಷ್ಟು ಬೇಕು ಎಂದು ಕೇಳಲಿಲ್ಲ. ಈ ಲೆಕ್ಕದಲ್ಲಿ ನಿಮಗೆ ಯಾವುದು ಕಿರಿಕಿರಿ ಎಂದು ಕೇಳಿದೆ.

103ರ ಅಂಕಲ್‌ಗೆ ದುಡ್ಡು ವಿಷಯವೇ ಅಲ್ಲ. "ಈಗ ಸಮ ಅಂತ ಒಪ್ಪಿದರೆ ಮುಂದಿನ ವರ್ಷವೂ ಇದೇ ರೂಲ್ ಆಗ್ತದೆ ಮಾರಾಯ್ರೆ" ಅಂದರು. ಅವರಿಗೆ ಹೆದರಿಕೆ ಇದ್ದದ್ದು ಖಾಯಂ ಆಗುವುದಕ್ಕೆ. 204ರಲ್ಲಿ ಮಗಳ ಬಾಣಂತನ ನಡೆಯುತ್ತಿತ್ತು. ಬಾಣಂತಿ ಸ್ನಾನವೆಂದರೆ ಹಂಡೆಗಟ್ಟಲೆ ಬಿಸಿನೀರು. ಅವರು ಜಾಸ್ತಿ ಕೊಡಲು ತಯಾರಿದ್ದರು. ಆದರೆ ಅಜ್ಜಿ ಕೇಳಿದರು, "ಇಪ್ಪತ್ತು ದಿನದ ಮಗುವಿನ ತಲೆಯನ್ನೂ ಎಣಿಸುತ್ತೀರಾ?" ಎಣಿಸಿಕೊಳ್ಳುವುದೇ ಅವರಿಗೆ ಅವಮಾನ. ಗಲ್ಫಿನವರಿಗೆ ವಿಡಿಯೋ ಕಾಲ್ ಮಾಡಿದೆ. ಅವರಿಗೆ ಇದ್ದದ್ದು ಅನುಮಾನ. ನಿಜವಾಗಿ ಎಷ್ಟು ಟ್ಯಾಂಕರ್ ಬರುತ್ತದೆ ಎಂದು ಅಲ್ಲಿಂದ ಹೇಗೆ ಗೊತ್ತಾಗಬೇಕು?

ಸಮ, ತಲೆ ಲೆಕ್ಕ ಎಂಬ ಎರಡು ಮಾತಿನ ಅಡಿಯಲ್ಲಿ ಮೂರು ಬೇರೆಯೇ ವಿಷಯ ಇದ್ದವು, ಒಂದಕ್ಕೊಂದು ಅಡ್ಡ ಬರದಂಥವು. ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೆರಿಕದ ಮ್ಯಾನೇಜ್‌ಮೆಂಟ್ ಚಿಂತಕಿ ನೂರು ವರ್ಷದ ಹಿಂದೆಯೇ ಲೈಬ್ರರಿಯ ಕಿಟಕಿಯ ಉದಾಹರಣೆ ಕೊಟ್ಟಿದ್ದರು. ಒಬ್ಬರಿಗೆ ಕಿಟಕಿ ತೆರೆಯಬೇಕು, ಫಾಲೆಟ್‌ಗೆ ಮೈಮೇಲೆ ಗಾಳಿ ಬೇಡ. ಪಕ್ಕದ ಕೋಣೆಯ ಕಿಟಕಿ ತೆರೆದರು. ಕಿಟಕಿಯನ್ನು ಅರ್ಧ ತೆರೆದಿದ್ದರೆ ಇಬ್ಬರಿಗೂ ಸರಿಯಾಗುತ್ತಿರಲಿಲ್ಲ. ನನ್ನ ಮೊದಲ ಮೀಟಿಂಗಿನಲ್ಲಿ ನಾನು ಮಾಡಿದ್ದು ಆ ಅರ್ಧ ಕಿಟಕಿ.

ಒಂಬತ್ತು ದಿನದಲ್ಲಿ ಬಂದ ಲೆಕ್ಕ ಹೀಗೆ. ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಬಳಕೆ. ಒಂದು, ಎರಡು, ಮೂರು ಪಾಲು. ತಮ್ಮ ಮನೆ ಯಾವುದೆಂದು ಅವರವರೇ ಬರೆಯಬೇಕು, ಪಟ್ಟಿ ಲಿಫ್ಟಿನಲ್ಲಿ ಅಂಟಿಸುವುದು. ಆರು ಮನೆ ಸಣ್ಣ, ಒಂಬತ್ತು ಮಧ್ಯಮ, ನಾಲ್ಕು ದೊಡ್ಡ. ಒಟ್ಟು ಮೂವತ್ತಾರು ಪಾಲು. ಆರು ಸಾವಿರ ಲೀಟರಿನ ಟ್ಯಾಂಕರಿಗೆ ನಾವು ಕೊಡುತ್ತಿದ್ದದ್ದು 1,800 ರೂಪಾಯಿ, ಅಂದರೆ ಪಾಲಿಗೆ 50. 204ರವರು ಯಾರೂ ಹೇಳದೆ "ದೊಡ್ಡ" ಎಂದು ಬರೆದರು. ಲಿಫ್ಟಿನಲ್ಲಿ ದಿನಾ ಕಾಣುವಾಗ ಸುಳ್ಳು ಬರೆಯುವುದು ಕಷ್ಟ ಅಲ್ವಾ? ಪಾಲಿಕೆ ನೀರು ಮೊದಲಿನಂತೆ ಬಂದ ದಿನ ಪಟ್ಟಿ ರದ್ದು ಎಂದು ಮೇಲೆಯೇ ಬರೆದೆವು, 103ಕ್ಕೆ ಸಮಾಧಾನ. ಬೀಗ ಹಾಕಿದ ಮನೆಗಳಿಗೆ ಟ್ಯಾಂಕರ್ ಪಾಲಿಲ್ಲ, ಮೋಟಾರ್ ರಿಪೇರಿಯಲ್ಲಿ ಮಾತ್ರ ಪಾಲು. ಪ್ರತಿ ಟ್ಯಾಂಕರಿನ ಬಿಲ್ಲಿನ ಜೊತೆ ಸಂಪಿಗೆ ಇಳಿಸಿದ ಅಳತೆ ಕೋಲಿನ ಫೋಟೋವೂ ಗ್ರೂಪಿಗೆ. ಮೂರನೇ ದಿನಕ್ಕೆ ದುಡ್ಡು ಗಲ್ಫಿನಿಂದ ಬಂತು.

ಎಲ್ಲದಕ್ಕೂ ಹೀಗೆ ಒಂಬತ್ತು ಸಂಜೆ ಕೊಡಲು ಆಗುವುದಿಲ್ಲ. ನಾಯಿ ಸ್ನಾನಕ್ಕೆ ಕೊಡಲಿಲ್ಲ, ಅದನ್ನು ನಾನು ಕೇಳಿಸಿಕೊಳ್ಳಲೇ ಇಲ್ಲ.

ಬಿಟ್ಟುಕೊಟ್ಟದ್ದು ಎರಡು ಸಲ. ನೀರು ಬಿಡುವ ಹೊತ್ತನ್ನು ಬೆಳಿಗ್ಗೆ ಆರರಿಂದ ಎಂಟು ಎಂದು ನಾನೇ ಇಟ್ಟಿದ್ದೆ. ಬಾಣಂತಿಗೆ ಎಣ್ಣೆ ಹಚ್ಚಿ ಮೀಯಿಸುವ ಹೆಂಗಸು ಬರುವುದು ಹತ್ತಕ್ಕೆ. ಅಜ್ಜಿ ಹೇಳಿದಾಗ ತಪ್ಪು ನನ್ನದು ಎಂದು ಗೊತ್ತಾಯಿತು. ಹತ್ತರಿಂದ ಹತ್ತೂವರೆಗೆ ವಾಲ್ವ್ ತೆರೆಸಿದೆ, ವಾದ ಮಾಡಲಿಲ್ಲ. ನನಗೆ ಅದರಿಂದ ನಷ್ಟವಿಲ್ಲ, ಅವರಿಗೆ ಅದು ತುಂಬಾ ದೊಡ್ಡದು. ಇನ್ನೊಂದು ಸಲ 401ರವರು, "ಮದುವೆಗೆ ಹೋಗಲಿಕ್ಕುಂಟು, ಒಂದು ಸಲ ಕಾರು ತೊಳೆಯುತ್ತೇನೆ ಅಕ್ಕ" ಅಂದರು. ಪಾಪ ಎಂದು ಹೂಂ ಅಂದೆ. ನಾಲ್ಕು ದಿನದಲ್ಲಿ ಇನ್ನೂ ಮೂರು ಕಾರು ತೊಳೆದಾಯಿತು. ಹೊತ್ತು ಇಟ್ಟವಳು ನಾನು, ಅದನ್ನು ಬಿಟ್ಟುಕೊಡಬಹುದಿತ್ತು. ನೀರು ಹತ್ತೊಂಬತ್ತು ಮನೆಯದು. ಬೇರೆಯವರದ್ದನ್ನು ಬಿಟ್ಟುಕೊಟ್ಟು ನಾನು ಒಳ್ಳೆಯವಳಾದೆ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಪಾಲಿಕೆ ನೀರು ಮೊದಲಿನಂತೆ ಬಂದ ದಿನ 103ರ ಅಂಕಲ್ ತಾವೇ ಬಂದು ಲಿಫ್ಟಿನ ಪಟ್ಟಿ ಕಿತ್ತರು. ಟೆರೇಸಿನ ಬೀಗ ಹಾಗೇ ಇದೆ. ಮರುವರ್ಷ ಮಾರ್ಚಿನಲ್ಲಿ 402ರವರು ಲಿಫ್ಟಿನಲ್ಲಿ ಸಿಕ್ಕಿದರು. ನನ್ನ ಮುಖ ನೋಡದೆ, ಗೋಡೆಗೆ ಹೇಳಿದ ಹಾಗೆ, "ಹಪ್ಪಳ ಒಣಗಿಸಲಿಕ್ಕುಂಟು, ಕೀ ಯಾರಲ್ಲಿ?" ಎಂದು ಕೇಳಿದರು.

"ವಾಚ್‌ಮನ್ ಹತ್ತಿರ ಉಂಟು ಸರ್" ಅಂದೆ.