‘ತಳ್ಳಿಬಿಟ್ಟನಂತೆ’ ಎಂಬುದನ್ನು ಇಂಗ್ಲಿಷಿಗೆ ತರುವಾಗ

2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಕರ್ನಾಟಕದಲ್ಲಿ ಕೇಂದ್ರ ಪಠ್ಯಕ್ರಮದ ಶಾಲೆಗಳಲ್ಲೂ ಕನ್ನಡ ಕಲಿಸಬೇಕು. ಹಾಗಾಗಿ ಬೆಂಗಳೂರಿನಂಥ ಊರಿನಲ್ಲಿ ಕನ್ನಡ ಮಿಸ್ ಮಗುವಿನ ಡೈರಿಯಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತಾರೆ, ಓದಬೇಕಾದ ತಂದೆತಾಯಿ ಒಡಿಶಾದವರೋ ಬಂಗಾಳದವರೋ ಆಗಿರುತ್ತಾರೆ. ನಡುವೆ ಯಾರಾದರೂ ಅದನ್ನು ಇಂಗ್ಲಿಷಿಗೆ ಮಾಡಿಕೊಡಬೇಕು. ಈ ಕೆಲಸ ಮಾಡುತ್ತ ನನಗೆ ಖಚಿತವಾದದ್ದು ಇಷ್ಟು: ಚೀಟಿ ದೂರಿನಂತೆ ಕೇಳಿಸುವುದು ಹೆಚ್ಚಾಗಿ ವ್ಯಾಕರಣದ ಕಡೆಯಿಂದ. ಪದಗಳೆಲ್ಲ ಸರಿಯಿದ್ದರೂ ಕನ್ನಡದ ಕ್ರಿಯಾಪದದೊಳಗೆ ಅಡಗಿದ್ದ ಮೃದುತ್ವ ಇಂಗ್ಲಿಷಿಗೆ ದಾಟುವುದಿಲ್ಲ.

ಇಂಥ ಚೀಟಿಯ ಮಾದರಿಯೊಂದನ್ನು ತೆಗೆದುಕೊಳ್ಳೋಣ. “ನಿಮ್ಮ ಮಗ ತರಗತಿಯಲ್ಲಿ ತುಂಬಾ ಗಲಾಟೆ ಮಾಡುತ್ತಾನೆ. ಹೇಳಿದ ಮಾತು ಕೇಳುವುದೇ ಇಲ್ಲ. ನಿನ್ನೆ ಒಬ್ಬ ಹುಡುಗಿಯನ್ನು ತಳ್ಳಿಬಿಟ್ಟನಂತೆ, ಅವಳ ಮೊಣಕಾಲು ತರಚಿದೆ. ಮನೆಯಲ್ಲಿ ಸ್ವಲ್ಪ ಬುದ್ಧಿ ಹೇಳಿ.” ಕನ್ನಡ ಬಲ್ಲ ತಾಯಿ ಇದನ್ನು ಓದಿದರೆ ಬೇಸರ ಮಾಡಿಕೊಂಡಾರು, ಅವಮಾನ ಅಂದುಕೊಳ್ಳುವುದಿಲ್ಲ. ಇದನ್ನೇ ಸಾಲಿಗೆ ಸಾಲು ಇಂಗ್ಲಿಷಿಗೆ ಹಾಕಿದರೆ ಹುಡುಗ ನಾಟಿ, ಡಿಸ್‌ಒಬೀಡಿಯಂಟ್, ಅಗ್ರೆಸಿವ್ ಆಗಿಬಿಡುತ್ತಾನೆ, ಮನೆಯವರು ಬೆಳೆಸಿದ್ದೇ ಸರಿಯಿಲ್ಲ ಎಂಬ ಧ್ವನಿಯೂ ಸೇರಿಕೊಳ್ಳುತ್ತದೆ.

ಮೊದಲು ‘ಗಲಾಟೆ ಮಾಡುತ್ತಾನೆ’. ಕನ್ನಡದಲ್ಲಿ ಮಗು ಗಲಾಟೆ ಮಾಡುತ್ತದೆ, ಹಠ ಮಾಡುತ್ತದೆ, ಚೇಷ್ಟೆ ಮಾಡುತ್ತದೆ. ಎಲ್ಲವೂ ‘ಮಾಡು’. ಮಾಡಿದ್ದನ್ನು ಬಿಡಲೂಬಹುದು. ಸಿಟ್ಟು ಕೂಡ ಅವನಿಗೆ ‘ಬರುತ್ತದೆ’, ಬಂದದ್ದು ಹೋಗುತ್ತದೆ. ಇಂಗ್ಲಿಷಿನಲ್ಲಿ ಕೈಗೆ ಮೊದಲು ಸಿಗುವುದು ವಿಶೇಷಣ: ಹೀ ಈಸ್ ಸ್ಟಬ್ಬರ್ನ್, ಹೀ ಈಸ್ ನಾಟಿ. ಅಲ್ಲಿ ಹಠ ಅವನ ಸ್ವಭಾವವಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ಮಗುವಿನ ಹೆಸರು, ‘ಈಸ್’, ಒಂದು ವಿಶೇಷಣ ಈ ಕ್ರಮದಲ್ಲಿ ಬಂದ ಯಾವ ವಾಕ್ಯವನ್ನೂ ನಾನು ಉಳಿಸುವುದಿಲ್ಲ. ಕಣ್ಣಿಗೆ ಕಂಡ ಕೆಲಸವನ್ನು ಹೇಳುವ ಕ್ರಿಯಾಪದಕ್ಕೇ ಮರಳುತ್ತೇನೆ.

ಆದರೆ ಗಲಾಟೆ ಎಂದರೆ ಏನು ಕಂಡಿತು ಎಂಬುದು ಚೀಟಿಯಲ್ಲಿಲ್ಲ. ಕಿರುಚಿದನೇ, ಓಡಾಡಿದನೇ, ಪಕ್ಕದವರ ಜೊತೆ ಮಾತಾಡಿದನೇ? ಇಂಗ್ಲಿಷಿನಲ್ಲಿ ಒಂದನ್ನು ಆರಿಸಲೇಬೇಕು. ಊಹೆಯ ಮೇಲೆ ಆರಿಸಿದರೆ ಅನುವಾದಕ ಮಗುವಿನ ಮೇಲೆ ಹೊಸ ಆರೋಪ ಹೊರಿಸಿದ ಹಾಗೆ. ಹೀಗಾಗಿ ಬರೆಯುವ ಮುಂಚೆ ಮಿಸ್ ಬಳಿ ನಾಲ್ಕು ಪ್ರಶ್ನೆ ಕೇಳುತ್ತೇನೆ: ನೀವೇ ಕಣ್ಣಾರೆ ಕಂಡದ್ದು ಏನು, ಯಾವ ಹೊತ್ತಿನಲ್ಲಿ, ಈ ವಾರ ಎಷ್ಟು ಸಲ, ಆಗ ನೀವು ಏನು ಮಾಡಿದಿರಿ. ಐದು ನಿಮಿಷದ ಮಾತು. ಮೇಲಿನ ಚೀಟಿಗೆ ಬಂದ ಉತ್ತರ ಹೀಗಿರಲಿ: ಊಟದ ನಂತರದ ಪೀರಿಯಡ್‌ನಲ್ಲಿ ಜಾಗ ಬಿಟ್ಟು ಎದ್ದು ಬೇರೆ ಡೆಸ್ಕಿಗೆ ಹೋಗುತ್ತಾನೆ, ಈ ವಾರ ಮೂರು ಸಲ, ಕೂತುಕೋ ಅಂದರೆ ಕೂರುತ್ತಾನೆ, ಎರಡು ನಿಮಿಷಕ್ಕೆ ಮತ್ತೆ ಏಳುತ್ತಾನೆ.

ಈ ಉತ್ತರದಲ್ಲೇ ‘ಮಾತು ಕೇಳುವುದೇ ಇಲ್ಲ’ ಎಂಬುದೂ ಬಗೆಹರಿಯಿತು. ‘ಕೇಳುವುದೇ’ ಎಂಬಲ್ಲಿನ ಏಕಾರ ಮಿಸ್ ಅವರ ದಣಿವು, ಲೆಕ್ಕವಲ್ಲ. ಅದನ್ನು ‘ನೆವರ್’ ಎಂದರೆ ಸುಳ್ಳಾಗುತ್ತದೆ, ಏಕೆಂದರೆ ಹೇಳಿದಾಗ ಅವನು ಕೂರುತ್ತಾನೆ. ‘ಯಾವಾಗಲೂ’, ‘ದಿನಾಲೂ’ ಎಂಬವಕ್ಕೂ ಇದೇ ಮಾತು. ‘ಆಲ್ವೇಸ್’ ಬರೆದ ಕೂಡಲೇ ತಂದೆ ಅಂಥದ್ದಾಗದ ಒಂದು ದಿನವನ್ನು ಹುಡುಕಿ ವಾದಕ್ಕೆ ಬರುತ್ತಾರೆ. ಮೂರು ಸಲ ಎಂದರೆ ವಾದಕ್ಕೆ ಎಡೆಯಿಲ್ಲ. ಇನ್ನೊಂದು ಎಚ್ಚರಿಕೆ: ಕೇಳು ಎಂಬುದು ಕಿವಿಗೂ ಸಲ್ಲುತ್ತದೆ, ವಿಧೇಯತೆಗೂ ಸಲ್ಲುತ್ತದೆ. ಹಿಂದಿನ ಬೆಂಚಿನ ಮಗುವಿನ ಬಗ್ಗೆ ಹೀಗೆ ಬರೆದಿದ್ದರೆ, ಕರೆದಾಗ ತಿರುಗಿ ನೋಡುತ್ತದೆಯೇ ಎಂದೂ ಕೇಳಬೇಕು. ನಿಜಕ್ಕೂ ಕಿವಿಯ ತೊಂದರೆಯಿದ್ದ ಮಗು ಡಿಸ್‌ಒಬೀಡಿಯಂಟ್ ಆಗಬಾರದು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ‘ತಳ್ಳಿಬಿಟ್ಟನಂತೆ’. ಒಂದೇ ಪದದಲ್ಲಿ ಮೂರು ಸಂಗತಿಗಳಿವೆ. ತಳ್ಳಿದ್ದು ಒಂದು. ‘ಬಿಟ್ಟ’ ಎಂಬುದು ಥಟ್ಟನೆ ಆಗಿಹೋಯಿತು, ಆಗಬಾರದಿತ್ತು ಎಂಬ ಭಾವ. ‘ಅಂತೆ’ ಎಂದರೆ ಬರೆದವರು ಅದನ್ನು ನೋಡಿಲ್ಲ, ಯಾರೋ ಹೇಳಿದ್ದು. ‘ಹೀ ಪುಶ್ಡ್ ಎ ಗರ್ಲ್’ ಎಂದರೆ ಮೊದಲನೆಯದಷ್ಟೇ ಉಳಿದು, ಕೇಳಿದ ಮಾತು ಕಂಡ ಸಾಕ್ಷಿಯಾಗುತ್ತದೆ. ‘ಅಲೆಜೆಡ್ಲಿ’ ಹಾಕಿದರೆ ಪೊಲೀಸ್ ಠಾಣೆಯ ವಾಸನೆ. ನಾನು ‘ಅಂತೆ’ಯನ್ನು ಬಿಡಿಸಿ ಪೂರ್ತಿ ವಾಕ್ಯ ಮಾಡುತ್ತೇನೆ: ಯಾರು ಹೇಳಿದರು, ಮಿಸ್ ಎಲ್ಲಿದ್ದರು. ‘ಬಿಟ್ಟ’ ಎಂಬುದಕ್ಕೆ ‘ಆ್ಯಕ್ಸಿಡೆಂಟಲಿ’ ಎಂದು ಸೇರಿಸುವುದಿಲ್ಲ, ಅದು ನಮಗೆ ಗೊತ್ತಿಲ್ಲದ್ದು. ನಲ್ಲಿಯ ಹತ್ತಿರ ಸಾಲಿನಲ್ಲಿ ನೂಕುನುಗ್ಗಲಿತ್ತು ಎಂದು ಮಿಸ್ ಹೇಳಿದರೆ ಆ ಸಂದರ್ಭವನ್ನೇ ಬರೆಯುತ್ತೇನೆ.

ಪೆಟ್ಟಾದ ವಿಷಯವನ್ನು ಮಾತ್ರ ಮೆತ್ತಗೆ ಮಾಡಬಾರದು. ‘ಎ ಸ್ಮಾಲ್ ಇಶ್ಯೂ’ ಎಂದು ತೇಲಿಸಿದ ಚೀಟಿ ಓದಿದ ತಾಯಿ, ಮರುದಿನ ಗೇಟಿನ ಬಳಿ ಆ ಹುಡುಗಿಯ ಬ್ಯಾಂಡೇಜ್ ಕಂಡಾಗ ಶಾಲೆಯನ್ನೇ ನಂಬುವುದಿಲ್ಲ. ಮೊಣಕಾಲು ತರಚಿದೆ, ತೊಳೆದು ಔಷಧಿ ಹಚ್ಚಿದ್ದೇವೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಹುಡುಗಿಯ ಹೆಸರು ಬೇಡ. ‘ಎ ಕ್ಲಾಸ್‌ಮೇಟ್’ ಸಾಕು.

ಕೊನೆಗೆ ‘ಬುದ್ಧಿ ಹೇಳಿ’. ಕನ್ನಡದಲ್ಲಿ ಇದು ವಾಡಿಕೆಯ ಮಾತು, ‘ಸ್ವಲ್ಪ’ ಎಂಬುದು ಅಳತೆಯಲ್ಲ, ವಿನಯ. ‘ಕೈಂಡ್ಲಿ ಅಡ್ವೈಸ್ ಯುವರ್ ವಾರ್ಡ್’ ಎಂದರೆ ನೋಟಿಸು. ಅದರಲ್ಲೂ ಮಿಸ್ ಸ್ವತಃ ನೋಡದ ಘಟನೆಗೆ ಬುದ್ಧಿ ಹೇಳಿಸುವುದು ಸರಿಯಲ್ಲ. ಹಾಗಾಗಿ, ಏನಾಯಿತು ಅಂತ ಮಗುವನ್ನು ಕೇಳಿ ನನಗೂ ತಿಳಿಸಿ ಎಂದು ಬರೆಯಬಹುದೇ ಎಂದು ಮಿಸ್ ಅವರ ಒಪ್ಪಿಗೆ ಕೇಳುತ್ತೇನೆ. ಕೋರಿಕೆ ಅವರದು, ನಾನಾಗಿ ಬದಲಿಸುವಂತಿಲ್ಲ.

ಹುಡುಗನಿಗೆ ರೋಹನ್ ಎಂದು ಹೆಸರಿಟ್ಟುಕೊಂಡರೆ, ಇಂಗ್ಲಿಷ್ ಚೀಟಿ ಹೀಗಾಗುತ್ತದೆ:

“ಥ್ರೀ ಟೈಮ್ಸ್ ದಿಸ್ ವೀಕ್, ಇನ್ ದಿ ಪೀರಿಯಡ್ ಆಫ್ಟರ್ ಲಂಚ್, ರೋಹನ್ ಲೆಫ್ಟ್ ಹಿಸ್ ಸೀಟ್ ಅಂಡ್ ವೆಂಟ್ ಟು ಅನದರ್ ಡೆಸ್ಕ್. ಹೀ ಸ್ಯಾಟ್ ಡೌನ್ ವೆನ್ ಐ ಆಸ್ಕ್ಡ್, ಬಟ್ ಗಾಟ್ ಅಪ್ ಅಗೇನ್ ಇನ್ ಅಬೌಟ್ ಟೂ ಮಿನಿಟ್ಸ್. ಯೆಸ್ಟರ್‌ಡೇ ದಿ ಕ್ಯೂ ಅಟ್ ದಿ ಟ್ಯಾಪ್ ವಾಸ್ ಕ್ರೌಡೆಡ್, ಅಂಡ್ ಟೂ ಚಿಲ್ಡ್ರನ್ ಟೋಲ್ಡ್ ಮಿ ದಟ್ ಹೀ ಪುಶ್ಡ್ ಎ ಕ್ಲಾಸ್‌ಮೇಟ್. ಐ ಡಿಡ್ ನಾಟ್ ಸೀ ಇಟ್ ಮೈಸೆಲ್ಫ್. ಹರ್ ನೀ ವಾಸ್ ಸ್ಕ್ರೇಪ್ಡ್. ವಿ ಕ್ಲೀನ್ಡ್ ಇಟ್ ಅಂಡ್ ಪುಟ್ ಮೆಡಿಸಿನ್. ಪ್ಲೀಸ್ ಆಸ್ಕ್ ರೋಹನ್ ವಾಟ್ ಹ್ಯಾಪನ್ಡ್ ಅಂಡ್ ಲೆಟ್ ಮಿ ನೋ.”

‘ನಿಮ್ಮ ಮಗ’ ಹೋಗಿ ಹೆಸರು ಬಂದಿರುವುದನ್ನು ಗಮನಿಸಿ. ಕನ್ನಡದಲ್ಲಿ ಅದು ಸಲಿಗೆಯ ಮಾತು. ಇಂಗ್ಲಿಷ್ ದೂರಿನ ಮೊದಲಲ್ಲಿ ‘ಯುವರ್ ಸನ್’ ಬಂದರೆ ಬೆರಳು ಓದುವವರ ಕಡೆಗೇ ತಿರುಗುತ್ತದೆ. ‘ಪುಸ್ತಕ ತಂದಿಲ್ಲ’ ಎಂಬಂಥ ಸಾಲು ಬಂದಾಗಲೂ ಇದೇ ತೊಡಕು. ಕನ್ನಡದಲ್ಲಿ ಯಾರು ಎಂಬುದು ಬೇಕಿಲ್ಲ, ಇಂಗ್ಲಿಷಿಗೆ ಬೇಕು. ‘ಯು ಡಿಡ್ ನಾಟ್ ಸೆಂಡ್’ ಎಂದರೆ ತಾಯಿಯ ತಪ್ಪು, ‘ಹೀ ಡಿಡ್ ನಾಟ್ ಬ್ರಿಂಗ್’ ಎಂದರೆ ಮಗುವಿನದು. ಪುಸ್ತಕವನ್ನೇ ಕರ್ತೃ ಮಾಡಿ, ‘ದಿ ಬುಕ್ ವಾಸ್ ನಾಟ್ ಇನ್ ದಿ ಬ್ಯಾಗ್’ ಎಂದರೆ ಕಂಡದ್ದಷ್ಟೇ ಹೇಳಿದಂತಾಯಿತು.

ಕಳಿಸುವ ಮುಂಚೆ ಇಂಗ್ಲಿಷ್ ಚೀಟಿಯನ್ನು ಮತ್ತೆ ಕನ್ನಡ ಮಾಡಿ ಮಿಸ್‌ಗೆ ಓದಿ ಹೇಳುತ್ತೇನೆ. “ನಾನು ಇಷ್ಟು ಖಾರವಾಗಿ ಬರೆದಿರಲಿಲ್ಲ” ಅಂದರೆ ಎಲ್ಲೋ ವಿಶೇಷಣ ನುಸುಳಿದೆ, “ಇಷ್ಟೇನಾ, ತರಚಿದ್ದು ಎಲ್ಲಿ?” ಅಂದರೆ ನಾನು ಮುಚ್ಚಿಟ್ಟಿದ್ದೇನೆ. ಅವರು ಒಪ್ಪಿದ ಮೇಲೆ ಅವರದೇ ಸಹಿ ಹಾಕಿಸಿ, ಕನ್ನಡದ ಮೂಲವನ್ನೂ ಅದೇ ಪುಟದಲ್ಲಿ ಉಳಿಸುತ್ತೇನೆ.