ಮೇಜಿನ ಮೇಲೆ ಪೀಸಾ: ಮಣ್ಣು ತೆಗೆದು ಗೋಪುರ ಎತ್ತಿದ ನನ್ನ ಅನುಭವ

ಇಟಲಿಯ ಪೀಸಾದ ವಾಲುವ ಗೋಪುರದ ನನ್ನ ಮಾದರಿ ಕೊನೆಗೂ ಹಿಂದಕ್ಕೆ ಬಂದಿತು. ದಕ್ಷಿಣಕ್ಕೆ ಐದು ಡಿಗ್ರಿಯಷ್ಟು ವಾಲಿ ನಿಂತಿದ್ದ ಗೋಪುರ, ಉತ್ತರದ ಬುಡದಿಂದ ಸ್ವಲ್ಪ ಸ್ವಲ್ಪವೇ ಮರಳು ಎಳೆದಂತೆಲ್ಲ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ನೆಟ್ಟಗಾಯಿತು. “ಬೀಳುತ್ತಿರುವುದರ ಬುಡವನ್ನು ಅಗೆದರೆ ನಿಲ್ಲುತ್ತದೆಯೇ ಮೇಷ್ಟ್ರೇ?” ಎಂದು ನಕ್ಕಿದ್ದ ನಮ್ಮ ವಿಭಾಗದ ಹಿರಿಯರನ್ನು ಕರೆದು ತೋರಿಸಿದೆ. ಅವರು ಏನೂ ಹೇಳಲಿಲ್ಲ, ಆದರೆ ಎರಡು ಸಲ ಬಂದು ನೋಡಿದರು. ಮಣ್ಣಿನ ಲ್ಯಾಬಿನಲ್ಲಿ ಇದನ್ನು ಮಾಡಿ ನೋಡಬೇಕೆನ್ನುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ವಾಲಿಸಬೇಕಲ್ಲ! ನೆಟ್ಟಗೆ ಮಾಡುವುದಕ್ಕಿಂತ ಅದೇ ಹೆಚ್ಚು ದಿನ ತಿಂದಿತು. ಗೋಪುರಕ್ಕೆ ಹತ್ತು ಸೆಂಟಿಮೀಟರ್ ಅಗಲದ ಉಕ್ಕಿನ ಬಳೆಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದೆ. ಎತ್ತರ ಮೂವತ್ತು ಸೆಂಟಿಮೀಟರ್, ತೂಕ ಸುಮಾರು ಆರು ಕಿಲೋ. ನಿಜವಾದ ಗೋಪುರದ ತಳಪಾಯ 19.6 ಮೀಟರ್ ಅಗಲ, ಎತ್ತರ ಅದರ ಮೂರರಷ್ಟು, ತೂಕ ಹದಿನಾಲ್ಕೂವರೆ ಸಾವಿರ ಟನ್. ಮೊದಲು ಬರೀ ಸಡಿಲ ಮರಳಿನ ಮೇಲೆ ನಿಲ್ಲಿಸಿದೆ. ಒಂದೋ ಅಲುಗದೆ ನಿಂತಿತು, ಇಲ್ಲವೇ ಧೊಪ್ಪನೆ ಬಿದ್ದಿತು. ಪೀಸಾದಲ್ಲಿ ಆದದ್ದು ಹಾಗಲ್ಲ. ಅಲ್ಲಿ ಮೇಲೆ ಹತ್ತು ಮೀಟರಿನಷ್ಟು ಹೂಳು ಮತ್ತು ಮರಳು, ಅದರ ಕೆಳಗೆ ಮೂವತ್ತು ಮೀಟರಿನಷ್ಟು ಸಮುದ್ರದ ಜೇಡಿ. ಮೇಲಿನ ಪದರವೇ ದಕ್ಷಿಣದ ಕಡೆ ಸ್ವಲ್ಪ ಮೆತ್ತಗೆ. ಒಟ್ಟು ಗೋಪುರ ನೆಲದೊಳಕ್ಕೆ ಮೂರು ಮೀಟರಿನಷ್ಟು ಇಳಿದಿದೆ.

ಹಾಗಾಗಿ ಅಡಿಗೆ ಹಾಸಿಗೆ ಅಂಗಡಿಯ ಒತ್ತು ಸ್ಪಂಜು, ಮೇಲೆ ನಾಲ್ಕು ಬೆರಳು ಮರಳು ಎಂದು ಬದಲಾಯಿಸಿದೆ. ಇಲ್ಲಿ ಒಂದು ಒರಟು ಲೆಕ್ಕ ತುಂಬಾ ಉಪಯೋಗಕ್ಕೆ ಬಂತು. ನೆಲವನ್ನು ಸ್ಪ್ರಿಂಗುಗಳ ಸಾಲೆಂದು ಭಾವಿಸಿದರೆ, ತಳದ ತ್ರಿಜ್ಯದ ವರ್ಗವನ್ನು ಇಳಿತದ ನಾಲ್ಕರಷ್ಟರಿಂದ ಭಾಗಿಸಿ. ಗುರುತ್ವ ಕೇಂದ್ರ ಅದಕ್ಕಿಂತ ಮೇಲೆ ಹೋಯಿತೆಂದರೆ ಗೋಪುರಕ್ಕೆ ನೆಟ್ಟಗೆ ನಿಲ್ಲುವ ಶಕ್ತಿ ಇಲ್ಲ. ನನ್ನ ಮಾದರಿಗೆ ಆ ಮಿತಿ ಸುಮಾರು ನಾಲ್ಕು ಮಿಲಿಮೀಟರ್ ಇಳಿತ. ಮೇಲಿನ ಬಳೆಗಳನ್ನು ಇಡುತ್ತಾ ಹೋದರೆ ಅಲ್ಲಿಯವರೆಗೆ ಏನೂ ಕಾಣುವುದಿಲ್ಲ, ಆಮೇಲೆ ಇಟ್ಟ ಪ್ರತಿ ಬಳೆಗೂ ವಾಲು ಎದ್ದು ಕಾಣುತ್ತದೆ. ಸ್ಪಂಜಿನ ದಕ್ಷಿಣ ಅಂಚಿನಿಂದ ಒಂದು ತೆಳು ಚೂರು ಕೊಯ್ದಿದ್ದರೆ ಸಾಕು, ಯಾವ ಕಡೆಗೆ ಎಂಬುದು ಮೊದಲೇ ತೀರ್ಮಾನ. ಪೀಸಾದ ತೊಂದರೆ ಮೂಲತಃ ಇದೇ. ಮಣ್ಣು ಭಾರ ಹೊರಲಾರದೆ ಒಡೆಯಲಿಲ್ಲ. ಆ ಎತ್ತರಕ್ಕೆ ಅದು ತೀರಾ ಮೆತ್ತಗಿತ್ತು.

ಸ್ಪಂಜು ತೋರಿಸಲಾರದ ಸಂಗತಿ ಒಂದಿದೆ. 1173ರಲ್ಲಿ ಶುರುವಾದ ಕಟ್ಟೋಣ ನಾಲ್ಕನೆಯ ಅಂತಸ್ತಿನ ಹತ್ತಿರ, 1178ರ ಸುಮಾರಿಗೆ ನಿಂತು, ಮತ್ತೆ 1272ರಲ್ಲಿ ಮುಂದುವರಿಯಿತು. ಆ ನೂರು ವರ್ಷದಲ್ಲಿ ಜೇಡಿಯೊಳಗಿನ ನೀರು ಹಿಂಡಿಹೋಗಿ ಅದು ಗಟ್ಟಿಯಾಯಿತು. ಬಿಡದೆ ಕಟ್ಟಿದ್ದರೆ ಆಗಲೇ ಉರುಳಿಬಿಡುತ್ತಿತ್ತು. ಇದನ್ನು ನೋಡಲೆಂದೇ ಪಕ್ಕದಲ್ಲಿ ಎರಡು ಡ್ರಮ್ಮಿನಲ್ಲಿ ಕೆರೆಯ ಗೋಡು ತುಂಬಿ, ಒಂದರ ಮೇಲೆ ಪೂರ್ತಿ ಭಾರ ಒಮ್ಮೆಗೇ ಇಟ್ಟೆ, ಇನ್ನೊಂದರ ಮೇಲೆ ಅರ್ಧ ಇಟ್ಟು ಒಂದು ಮಳೆಗಾಲ ಬಿಟ್ಟೆ. ಮೊದಲನೆಯದು ಓರೆಯಾಗಿ ಮುಳುಗಿತು, ಎರಡನೆಯದು ಉಳಿದರ್ಧವನ್ನೂ ಹೊತ್ತಿತು. ಡ್ರಮ್ಮಿನ ವಾಸನೆಗೆ ಲ್ಯಾಬಿನವರು ಇನ್ನೂ ನನ್ನನ್ನು ಕ್ಷಮಿಸಿಲ್ಲ.

ಅಳತೆಗೆ ಖರ್ಚು ಮಾಡಲು ಹೋಗಬೇಡಿ. ಟಿಲ್ಟ್ ಮೀಟರಿಗೆ ಕೇಳಿದ ದರ ನನ್ನ ತಿಂಗಳ ಸಂಬಳದ ಸಮೀಪವಿತ್ತು. ಗೋಪುರದ ತಲೆಗೆ ಒಂದು ಸಣ್ಣ ಕನ್ನಡಿ ಅಂಟಿಸಿ, ಇನ್ನೂರು ಚಿಲ್ಲರೆ ರೂಪಾಯಿಯ ಲೇಸರ್ ಕಡ್ಡಿಯ ಬೆಳಕನ್ನು ನಾಲ್ಕು ಮೀಟರ್ ದೂರದ ಗೋಡೆಯ ಗ್ರಾಫ್ ಕಾಗದಕ್ಕೆ ಬೀಳಿಸಿದೆ. ಡಿಗ್ರಿಯ ಅರವತ್ತನೇ ಒಂದು ಭಾಗ ವಾಲಿದರೂ ಚುಕ್ಕೆ ಎರಡು ಮಿಲಿಮೀಟರಿಗಿಂತ ಹೆಚ್ಚು ಸರಿಯುತ್ತದೆ. ಒಟ್ಟು ಖರ್ಚು ಆರೇಳು ಸಾವಿರ. ಅದರಲ್ಲಿ ಮುಕ್ಕಾಲು ಬಳೆ ಕೊಯ್ಯಿಸಲು ಹೋಯಿತು.

ನೆಟ್ಟಗೆ ಮಾಡುವ ಮುಂಚೆ, ಅಲ್ಲಿ ಕೆಟ್ಟದ್ದನ್ನೆಲ್ಲ ಇಲ್ಲೂ ಮಾಡಿ ನೋಡಿದೆ. 1838ರಲ್ಲಿ ಗೆರಾರ್ದೆಸ್ಕಾ ಎಂಬ ವಾಸ್ತುಶಿಲ್ಪಿ ಹೂತುಹೋದ ಕಂಬಗಳ ಬುಡ ಕಾಣಲೆಂದು ಸುತ್ತ ಕಾಲುವೆ ತೋಡಿಸಿದ್ದ. ಗೋಪುರ ಒಮ್ಮೆಗೇ ಇನ್ನಷ್ಟು ವಾಲಿತು. ನನ್ನದೂ ದಕ್ಷಿಣದಲ್ಲಿ ಬೆರಳಷ್ಟು ತೋಡಿದ ತಕ್ಷಣ ಚುಕ್ಕೆ ಗೋಡೆಯ ಮೇಲೆ ಓಡಿತು. 1934ರಲ್ಲಿ ತಳಪಾಯಕ್ಕೆ ಮುನ್ನೂರಕ್ಕೂ ಹೆಚ್ಚು ತೂತು ಕೊರೆದು ಸಿಮೆಂಟು ಹಾಲು ತುಂಬಿದ್ದರು. ಆಗಲೂ ಗೋಪುರ ದಕ್ಷಿಣಕ್ಕೇ ಸರಿಯಿತು. ಫಲ ಕೊಟ್ಟದ್ದು 1993ರ ಸೀಸ. ಉತ್ತರದ ಬುಡಕ್ಕೆ ಆರುನೂರು ಟನ್ ಗಟ್ಟಿ ಹೇರಿದಾಗ ವಾಲು ಮೊದಲ ಬಾರಿಗೆ ಹಿಂದಕ್ಕೆ ಹೋಯಿತು, ಡಿಗ್ರಿಯ ಅರವತ್ತನೇ ಒಂದು ಭಾಗಕ್ಕಿಂತ ಕಡಿಮೆ. ನಾನು ಅದೇ ಪ್ರಮಾಣದಲ್ಲಿ ಕಾಲು ಕಿಲೋ ಸೀಸ ಹೇರಿದೆ. ಚುಕ್ಕೆ ಹಿಂದೆ ಬಂತು, ಅಲ್ಲಿಗೆ ನಿಂತಿತು. 1995ರಲ್ಲಿ ಆ ಸೀಸದ ಬದಲು ನೆಲಕ್ಕೆ ಲಂಗರು ಹಾಕಲು ದ್ರವ ನೈಟ್ರೋಜನ್ ಬಿಟ್ಟು ಮಣ್ಣು ಹೆಪ್ಪುಗಟ್ಟಿಸಹೊರಟಾಗ ಗೋಪುರ ಮತ್ತೆ ದಕ್ಷಿಣಕ್ಕೆ ಜಾರತೊಡಗಿತು. ಸೀಸವನ್ನು ಸುಮಾರು ಒಂಬೈನೂರು ಟನ್‌ಗೆ ಏರಿಸಿ ತಡೆದರು. ನೈಟ್ರೋಜನ್ನಿನ ಪ್ರಯೋಗ ನನ್ನ ಕಿಸೆಗೆ ಮೀರಿದ್ದು.

ಮಣ್ಣು ತೆಗೆಯುವ ಯೋಚನೆಯನ್ನು ಟೆರಾಚೀನಾ ಎಂಬ ಇಟಲಿಯ ಎಂಜಿನಿಯರ್ 1962ರಲ್ಲೇ ಮುಂದಿಟ್ಟಿದ್ದ. ಗೋಪುರ ಉಳಿಸಲು ನೇಮಿಸಿದ್ದ ಯಾಮಿಯೊಲ್ಕೊವ್ಸ್ಕಿ ಅಧ್ಯಕ್ಷತೆಯ ಸಮಿತಿ, ಅದರಲ್ಲಿದ್ದ ಮಣ್ಣಿನ ಎಂಜಿನಿಯರ್ ಬರ್ಲೆಂಡ್, ಅದನ್ನು ಮೊದಲು ಅದೇ ಮೈದಾನದ ಇನ್ನೊಂದು ಮೂಲೆಯಲ್ಲಿ ಏಳು ಮೀಟರ್ ಅಗಲದ ಕಾಂಕ್ರೀಟ್ ತಳಪಾಯ ಹಾಕಿ ಪರೀಕ್ಷಿಸಿದರು. ಓರೆಯಾಗಿ ಕೊಳವೆ ಇಳಿಸಿ, ಒಳಗೆ ತಿರುಪು ತಿರುಗಿಸಿ ಮಣ್ಣು ಎಳೆದು, ಕೊಳವೆ ಹಿಂದೆಗೆದರೆ ಪೊಳ್ಳು ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡಷ್ಟು ಆ ಕಡೆ ಇಳಿಯುತ್ತದೆ.

ನನ್ನ ಹಿತ್ತಾಳೆ ಕೊಳವೆಯದು ಬೇರೆ ಹಟ. ಮರಳು ಒದ್ದೆಯಾಗಿದ್ದರೆ ಪೊಳ್ಳು ಮುಚ್ಚಲೇ ಇಲ್ಲ, ಗುಹೆಯಂತೆ ನಿಂತು ಅರ್ಧ ಗಂಟೆಯ ಮೇಲೆ ಒಮ್ಮೆಗೇ ಕುಸಿಯಿತು. ಒಣಗಿದ್ದರೆ ಕೊಳವೆ ಹೋಗುವಾಗಲೇ ಸುರಿದು, ಎಷ್ಟು ತೆಗೆದೆನೆಂಬ ಲೆಕ್ಕವೇ ಸಿಗಲಿಲ್ಲ. ನಡುವಿನ ಹದ ಹೇಗೆ ಹಿಡಿದೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಕೊಳವೆಯ ತುದಿಗೆ ಮಾಡಿದ ಚಿಕ್ಕ ಕೆಲಸವೂ ಅಷ್ಟೇ.

ಎಲ್ಲಿಯವರೆಗೆ ತೂರಿಸಬೇಕು ಎಂಬುದನ್ನು ಮಾತ್ರ ಮುಚ್ಚಿಡುವುದಿಲ್ಲ. ಉತ್ತರದ ಅಂಚಿನಿಂದ ತ್ರಿಜ್ಯದ ಅರ್ಧ ದಾಟಿ ಒಳಗೆ ಮರಳು ತೆಗೆದರೆ ಗೋಪುರ ದಕ್ಷಿಣಕ್ಕೇ ವಾಲುತ್ತದೆ. ಪೀಸಾದವರ ಲೆಕ್ಕದಲ್ಲಿ ಬಂದ ಗೆರೆಯೂ ಅದೇ. ನನ್ನ ಮಾದರಿಯಲ್ಲಿ ಅದು ಅಂಚಿನಿಂದ ಎರಡೂವರೆ ಸೆಂಟಿಮೀಟರ್. ಗೆರೆಯ ಈಚೆ ತೆಗೆದಾಗ ಚುಕ್ಕೆ ಮೇಲೇರುವುದು, ಆಚೆ ತೆಗೆದಾಗ ಇಳಿಯುವುದು ಇಷ್ಟು ಸ್ಪಷ್ಟವಾಗಿ ಕಂಡೀತೆಂದು ನಾನೂ ಎಣಿಸಿರಲಿಲ್ಲ. ಕೊಳವೆಗೆ ಬಣ್ಣದ ಗುರುತು ಹಾಕಿಕೊಳ್ಳಿ, ಒಂದು ಸಲಕ್ಕೆ ಒಂದು ಚಿಟಿಕೆಗಿಂತ ಹೆಚ್ಚು ತೆಗೆಯಬೇಡಿ, ಚುಕ್ಕೆ ನಿಲ್ಲುವವರೆಗೆ ಮುಂದಿನ ತೂತಿಗೆ ಕೈ ಹಾಕಬೇಡಿ.

ಪೀಸಾದಲ್ಲಿ 1999ರಲ್ಲಿ ಹನ್ನೆರಡು ತೂತಿನಿಂದ ಶುರುಮಾಡಿ, ಆಮೇಲೆ ನಲವತ್ತೊಂದು ತೂತಿನಿಂದ ಒಟ್ಟು ಮೂವತ್ತೆಂಟು ಘನ ಮೀಟರ್ ಮಣ್ಣು ತೆಗೆದರು. ಅರ್ಧ ಡಿಗ್ರಿ ಹಿಂದಕ್ಕೆ ಬಂದು, ತುದಿ ನಲವತ್ತು ಸೆಂಟಿಮೀಟರ್ ಚಿಲ್ಲರೆ ಮರಳಿತು. 1990ರಲ್ಲಿ ಮುಚ್ಚಿದ್ದ ಬಾಗಿಲು 2001ರ ಡಿಸೆಂಬರಿನಲ್ಲಿ ತೆರೆಯಿತು. ಆಮೇಲೆ ಉತ್ತರದಲ್ಲಿ ನೀರು ಬಸಿಯುವ ಬಾವಿಗಳನ್ನೂ ಮಾಡಿದರು, ಏಕೆಂದರೆ ಮಳೆಗಾಲದಲ್ಲಿ ಆ ಕಡೆ ಅಂತರ್ಜಲ ಏರಿದಾಗಲೆಲ್ಲ ಗೋಪುರ ಒಂದಿಷ್ಟು ದಕ್ಷಿಣಕ್ಕೆ ಹೋಗಿ ಪೂರ್ತಿ ವಾಪಸು ಬರುತ್ತಿರಲಿಲ್ಲ. ಅದನ್ನು ನನ್ನ ತೊಟ್ಟಿಯಲ್ಲಿ ಮಾಡಿ ನೋಡುವುದು ಬಾಕಿ ಇದೆ. ಮೀನಿನ ತೊಟ್ಟಿಯ ಪಂಪು ತಂದಿಟ್ಟಿದ್ದೇನೆ. ಸ್ಪಂಜು ನೀರು ಕುಡಿಯದಂತೆ ಮಾಡುವ ದಾರಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಪ್ಲಾಸ್ಟಿಕ್ ಸುತ್ತಿ ನೋಡಿದೆ, ಗಾಳಿ ಸಿಕ್ಕಿಕೊಂಡು ಮಾದರಿ ಪುಟಿಯುತ್ತದೆ.