ಡಾಲರ್ ಇಳಿದರೆ ಚಿನ್ನ ಏರುತ್ತದೆಯೇ? ಲೆಕ್ಕ ಹಾಕಿ ನೋಡುವುದು ಹೀಗೆ

‘ಡಾಲರ್ ದುರ್ಬಲ, ಚಿನ್ನ ದುಬಾರಿ.’ ವಾಣಿಜ್ಯ ಪುಟದಲ್ಲಿ ಈ ಅರ್ಥದ ಸಾಲು ಆಗಾಗ ಕಣ್ಣಿಗೆ ಬೀಳುತ್ತದೆ. ಸಾಕಷ್ಟು ಸಲ ಅದು ನಿಜವೂ ಹೌದು. ಆದರೆ ಕೆಲವು ವರ್ಷ ಡಾಲರ್ ಮತ್ತು ಚಿನ್ನ ಜೊತೆಯಾಗಿಯೇ ಏರಿವೆ. ಒಮ್ಮೊಮ್ಮೆ ಜೊತೆಯಾಗಿಯೇ ಇಳಿದಿವೆ. ಚಿನ್ನದ ಬೆಲೆ ಬದಲಾದಾಗ ಅದಕ್ಕೆ ಡಾಲರ್ ಕಾರಣವೋ ಅಥವಾ ಬೇರೇನಾದರೂ ಇದೆಯೋ ಎಂದು ಮನೆಯಲ್ಲೇ ಕೂತು ಪರೀಕ್ಷಿಸಬಹುದು. ಒಂದು ಭಾಗಾಕಾರ ಬಂದರೆ ಸಾಕು.

ಮೊದಲು ಸಂಬಂಧ ಹೇಗೆ ಹುಟ್ಟುತ್ತದೆ ಎಂದು ನೋಡೋಣ. ಅಂತರರಾಷ್ಟ್ರೀಯ ಪೇಟೆಯಲ್ಲಿ ಚಿನ್ನದ ಬೆಲೆಯನ್ನು ಒಂದು ಔನ್ಸಿಗೆ, ಅಂದರೆ ಸುಮಾರು 31.1 ಗ್ರಾಂಗೆ, ಇಷ್ಟು ಡಾಲರ್ ಎಂದು ಹೇಳುತ್ತಾರೆ. ಅಳೆಯುವ ಸೇರೇ ಚಿಕ್ಕದಾದರೆ ಅದೇ ಅಕ್ಕಿ ಜಾಸ್ತಿ ಸೇರು ಬರುತ್ತದೆ ಅಲ್ವಾ? ಡಾಲರ್ ಇಳಿದಾಗ ಆಗುವುದೂ ಅದೇ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಚಿನ್ನ 2,000 ಡಾಲರ್, ಒಂದು ಯೂರೊಗೆ ಒಂದು ಡಾಲರ್. ಜರ್ಮನಿಯವನಿಗೆ ಒಂದು ಔನ್ಸ್ 2,000 ಯೂರೊಗೆ ಸಿಗುತ್ತದೆ. ಈಗ ಡಾಲರ್ ಇಳಿದು ಒಂದು ಯೂರೊಗೆ 1.10 ಡಾಲರ್ ಆಯಿತು ಎನ್ನಿ. ಚಿನ್ನ 2,000 ಡಾಲರಿನಲ್ಲೇ ನಿಂತಿದ್ದರೆ ಅವನಿಗೆ ಅದು 1,818 ಯೂರೊಗೇ ಸಿಗಬೇಕು. ಅವನ ಪಾಲಿಗೆ ಚಿನ್ನ ಸೋವಿಯಾಯಿತು. ಅವನಂಥವರು ಜಾಸ್ತಿ ಕೊಳ್ಳುತ್ತಾರೆ, ಗಣಿಯವರು ಆ ಬೆಲೆಗೆ ಮಾರಲು ಹಿಂದೇಟು ಹಾಕುತ್ತಾರೆ, ಡಾಲರ್ ಬೆಲೆ ಮೇಲೇಳುತ್ತದೆ. ಬೇರೇನೂ ಬದಲಾಗದಿದ್ದರೆ ಅದು 2,200ರ ಹತ್ತಿರ ಹೋಗಬೇಕು.

ಇನ್ನೊಂದು ಎಳೆ ಬಡ್ಡಿಯದು. ಬೀರುವಿನಲ್ಲಿಟ್ಟ ಚಿನ್ನ ಬಡ್ಡಿ ತರುವುದಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿ ಇಳಿಸಿದರೆ ಡಾಲರ್ ಸಾಲಪತ್ರ ಇಟ್ಟುಕೊಂಡವರಿಗೆ ಸಿಗುವುದು ಕಡಿಮೆ. ಹಣದುಬ್ಬರ ಕಳೆದರೆ ಕೆಲವೊಮ್ಮೆ ಏನೂ ಉಳಿಯುವುದಿಲ್ಲ. ಆಗ ಚಿನ್ನ ಬಡ್ಡಿ ತಾರದಿದ್ದರೂ ನಷ್ಟ ಎನಿಸುವುದಿಲ್ಲ. ಅದೇ ಕಾರಣಕ್ಕೆ ಡಾಲರ್ ಕೂಡ ಇಳಿಯುತ್ತದೆ. ಅಂದರೆ ಎಷ್ಟೋ ಸಲ ಡಾಲರ್ ಇಳಿದು ಚಿನ್ನವನ್ನು ಎತ್ತುತ್ತಿರುವುದಿಲ್ಲ. ಬಡ್ಡಿ ಎಂಬ ಮೂರನೆಯದು ಎರಡನ್ನೂ ಒಮ್ಮೆಗೇ ಅಲುಗಿಸಿರುತ್ತದೆ. ಇದು ನೆನಪಿದ್ದರೆ ಸಂಬಂಧ ಮುರಿದಾಗ ಅಚ್ಚರಿ ಆಗುವುದಿಲ್ಲ.

ಹೆಜ್ಜೆ 1: ಯೂರೊದಿಂದ ಭಾಗಿಸಿ

ಚಿನ್ನದ ಡಾಲರ್ ಬೆಲೆಯನ್ನು ‘ಒಂದು ಯೂರೊಗೆ ಎಷ್ಟು ಡಾಲರ್’ ಎಂಬ ದರದಿಂದ ಭಾಗಿಸಿ. ಯೂರೊದಲ್ಲಿ ಬೆಲೆ ಸಿಗುತ್ತದೆ. ಯೂರೊ ಏಕೆ ಎಂದರೆ, ಪತ್ರಿಕೆಗಳು ಹೇಳುವ ‘ಡಾಲರ್ ಸೂಚ್ಯಂಕ’ ಆರು ಕರೆನ್ಸಿಗಳ ಎದುರು ಡಾಲರಿನ ಬಲ ಎಷ್ಟು ಎಂದು ಅಳೆಯುತ್ತದೆ. ಆ ಆರರಲ್ಲಿ ಯೂರೊ ಒಂದರ ತೂಕವೇ ಶೇ 57.6. ರೂಪಾಯಿ ಆ ಪಟ್ಟಿಯಲ್ಲೇ ಇಲ್ಲ. ಹೀಗಾಗಿ ‘ಡಾಲರ್ ಇಳಿಯಿತು’ ಎಂಬ ಸುದ್ದಿ ಓದಿ ರೂಪಾಯಿ ಬಲಗೊಂಡಿತು ಎಂದು ತಿಳಿಯಬೇಡಿ.

ಡಾಲರಿನಲ್ಲಿ ಚಿನ್ನ ಬದಲಾಗಿ, ಯೂರೊದಲ್ಲಿ ಹೆಚ್ಚುಕಡಿಮೆ ಅಲ್ಲೇ ಇದ್ದರೆ ಕೆಲಸ ಡಾಲರಿನದು. ಎರಡರಲ್ಲೂ ಒಂದೇ ದಿಕ್ಕಿಗೆ ಜೋರಾಗಿ ಹೋಗಿದ್ದರೆ ಚಿನ್ನಕ್ಕೇ ಏನೋ ಆಗಿದೆ.

ಹೆಜ್ಜೆ 2: ರೂಪಾಯಿಗೆ ತನ್ನಿ

ಡಾಲರ್ ಬೆಲೆಯನ್ನು ರೂಪಾಯಿ ದರದಿಂದ ಗುಣಿಸಿ, 31.1ರಿಂದ ಭಾಗಿಸಿ. ಅದು ಸುಂಕ, ಜಿಎಸ್‌ಟಿ, ಮಜೂರಿ ಯಾವುದೂ ಸೇರದ ಒಂದು ಗ್ರಾಂ ಅಪರಂಜಿಯ ಬೆಲೆ.

2022ನ್ನು ಈ ಎರಡು ಲೆಕ್ಕಕ್ಕೆ ಹಾಕಿ ನೋಡೋಣ. ಆ ವರ್ಷ ಫೆಡರಲ್ ರಿಸರ್ವ್ ಬಡ್ಡಿಯನ್ನು ಹೆಚ್ಚುಕಡಿಮೆ ಸೊನ್ನೆಯಿಂದ ಎತ್ತಿ ಸೆಪ್ಟೆಂಬರ್ ಹೊತ್ತಿಗೆ ಶೇ 3 ದಾಟಿಸಿತ್ತು. ಡಾಲರ್ ಸೂಚ್ಯಂಕ 20 ವರ್ಷಗಳಲ್ಲೇ ಎತ್ತರಕ್ಕೆ, 114ರ ಬಳಿಗೆ ಹೋಯಿತು. ವರ್ಷದ ಆರಂಭದಲ್ಲಿ 1,820 ಡಾಲರ್ ಆಸುಪಾಸಿನಲ್ಲಿದ್ದ ಚಿನ್ನ ಸೆಪ್ಟೆಂಬರ್ ಕೊನೆಗೆ 1,660ರ ಆಸುಪಾಸಿಗೆ ಬಂತು. ಸುಮಾರು ಶೇ 9ರಷ್ಟು ಕುಸಿತ.

ಯೂರೊ ಲೆಕ್ಕ: ಆರಂಭದಲ್ಲಿ ಒಂದು ಯೂರೊಗೆ 1.135 ಡಾಲರ್ ಇತ್ತು. 1,820ನ್ನು ಭಾಗಿಸಿದರೆ ಸುಮಾರು 1,600 ಯೂರೊ. ಕೊನೆಗೆ ಯೂರೊ 0.98 ಡಾಲರಿಗೆ ಇಳಿದಿತ್ತು. 1,660ನ್ನು ಭಾಗಿಸಿದರೆ ಸುಮಾರು 1,690 ಯೂರೊ. ನೋಡಿ, ಅಲ್ಲಿ ಚಿನ್ನ ಏರಿದೆ! ಇಳಿಕೆ ಕಂಡಿದ್ದು ಡಾಲರಿನಲ್ಲಿ ಅಳೆದವರಿಗೆ ಮಾತ್ರ.

ರೂಪಾಯಿ ಲೆಕ್ಕ: ಆರಂಭದಲ್ಲಿ ಡಾಲರಿಗೆ 74.3 ರೂಪಾಯಿ. ಗ್ರಾಂಗೆ ಸುಮಾರು 4,350 ರೂಪಾಯಿ. ಕೊನೆಗೆ ಡಾಲರಿಗೆ 81.5 ರೂಪಾಯಿ. ಗ್ರಾಂಗೆ ಮತ್ತೆ ಸುಮಾರು 4,350! ಡಾಲರ್ ಬೆಲೆ ಇಳಿದಷ್ಟನ್ನೂ ರೂಪಾಯಿಯ ಕುಸಿತ ನುಂಗಿತ್ತು. ವಿದೇಶದಲ್ಲಿ ಚಿನ್ನ ಅಗ್ಗವಾಗಿದೆ, ಮದುವೆಗೆ ಈಗ ಕೊಳ್ಳೋಣ ಎಂದು ಅಂಗಡಿಗೆ ಹೋದವರಿಗೆ ಏನೂ ಅಗ್ಗ ಆಗಿರಲಿಲ್ಲ. ಜುಲೈನಲ್ಲಿ ಆಮದು ಸುಂಕ ಶೇ 10.75ರಿಂದ 15ಕ್ಕೆ ಏರಿದ್ದರಿಂದ ಇನ್ನೂ ದುಬಾರಿಯೇ ಆಗಿತ್ತು.

ಹೆಜ್ಜೆ 3: ಸಂಬಂಧ ಮುರಿದಿದ್ದರೆ ಕೊಳ್ಳುತ್ತಿರುವವರು ಯಾರು ಎಂದು ಕೇಳಿ

ಅದೇ ಪರೀಕ್ಷೆಯನ್ನು 2024ಕ್ಕೆ ಹಚ್ಚಿ. ಆ ವರ್ಷ ಡಾಲರ್ ಸೂಚ್ಯಂಕ 101ರಿಂದ 108ಕ್ಕೆ ಏರಿತು. ಸೂತ್ರದ ಪ್ರಕಾರ ಚಿನ್ನ ಇಳಿಯಬೇಕಿತ್ತು. ಅದು ಸುಮಾರು 2,060 ಡಾಲರಿನಿಂದ 2,620ಕ್ಕೆ ಹೋಯಿತು. ಯೂರೊದಲ್ಲಿ ಏರಿಕೆ ಇನ್ನೂ ಜೋರು: ಸುಮಾರು 1,870ರಿಂದ 2,530. ಎರಡೂ ಅಳತೆಯಲ್ಲಿ ಏರಿದೆ ಎಂದರೆ ಚಿನ್ನಕ್ಕೇ ಬೇಡಿಕೆ ಬಂದಿದೆ ಎಂದರ್ಥ.

ಕೊಂಡವರಲ್ಲಿ ದೊಡ್ಡವರು ದೇಶಗಳ ಕೇಂದ್ರ ಬ್ಯಾಂಕುಗಳು. 2022ರಲ್ಲಿ ಉಕ್ರೇನ್ ಮೇಲೆ ದಾಳಿ ನಡೆದ ಮೇಲೆ ರಷ್ಯಾದ ವಿದೇಶಿ ಮೀಸಲಿನಲ್ಲಿ ಸುಮಾರು 300 ಬಿಲಿಯನ್ ಡಾಲರಿನಷ್ಟನ್ನು ಪಶ್ಚಿಮದ ದೇಶಗಳು ತಡೆಹಿಡಿದವು. ಬೇರೆಯವರ ಕೈಯಲ್ಲಿರುವ ಸಾಲಪತ್ರವನ್ನು ಹೀಗೆ ತಡೆಯಬಹುದು, ನಮ್ಮದೇ ತಿಜೋರಿಯ ಚಿನ್ನವನ್ನು ತಡೆಯಲಾಗದು ಎಂಬುದು ಹಲವು ದೇಶಗಳಿಗೆ ಮನವರಿಕೆ ಆಯಿತು. ವಿಶ್ವ ಚಿನ್ನ ಮಂಡಳಿಯ ಲೆಕ್ಕದಲ್ಲಿ 2022, 2023, 2024ರಲ್ಲಿ ಪ್ರತಿ ವರ್ಷವೂ ಕೇಂದ್ರ ಬ್ಯಾಂಕುಗಳು 1,000 ಟನ್ನಿಗಿಂತ ಜಾಸ್ತಿ ಕೊಂಡವು. ನಮ್ಮ ರಿಸರ್ವ್ ಬ್ಯಾಂಕ್ 2024ರಲ್ಲಿ ಕೊಂಡಿದ್ದೇ 70 ಟನ್ ಮೀರಿತ್ತು. ಇಂಥವರು ಈ ವಾರ ಬಡ್ಡಿ ಎಷ್ಟು, ಡಾಲರ್ ಎಷ್ಟು ಎಂದು ನೋಡಿ ಕೊಳ್ಳುವುದಿಲ್ಲ. ನನ್ನ ಪ್ರಕಾರ ಈಚಿನ ವರ್ಷಗಳಲ್ಲಿ ಹಳೆಯ ಸೂತ್ರ ಸಡಿಲವಾಗಲು ಇದೇ ಮುಖ್ಯ ಕಾರಣ.

ಮುರಿಯುವ ಇನ್ನೊಂದು ಬಗೆ ಭಯದ್ದು. 2010ರ ಮೊದಲಾರ್ಧದಲ್ಲಿ ಗ್ರೀಸ್ ಸಾಲ ತೀರಿಸಲಾರದು ಎಂಬ ಆತಂಕದಿಂದ ಯೂರೊ 1.43 ಡಾಲರಿನಿಂದ 1.20ರ ಬಳಿಗೆ ಬಿತ್ತು. ಯೂರೊ ಬಿಟ್ಟು ಓಡಿದವರಲ್ಲಿ ಕೆಲವರು ಡಾಲರ್ ಹಿಡಿದರು, ಕೆಲವರು ಚಿನ್ನ ಹಿಡಿದರು. ಎರಡೂ ಏರಿದವು. ಡಾಲರ್ ಬಲಗೊಂಡಿದ್ದಕ್ಕೆ ಇಲ್ಲಿ ಅಮೆರಿಕದ ಬಡ್ಡಿ ಕಾರಣವಾಗಿರಲಿಲ್ಲ, ಆದ್ದರಿಂದ ಚಿನ್ನಕ್ಕೆ ಏಟೂ ಬೀಳಲಿಲ್ಲ.

ಭಯ ಕರಗಿದಾಗ ಇದು ತಿರುಗುಮುರುಗು. 2020ರ ನವೆಂಬರ್ 9ರಂದು ಫೈಝರ್ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬ ಸುದ್ದಿ ಬಂತು. ಜನ ಷೇರುಗಳತ್ತ ನುಗ್ಗಿದರು. ಆ ತಿಂಗಳು ಡಾಲರ್ ಇಳಿಯಿತು, ಚಿನ್ನವೂ ಇಳಿಯಿತು. ಎರಡನ್ನೂ ಅಡಗುತಾಣ ಮಾಡಿಕೊಂಡಿದ್ದವರು ಎರಡನ್ನೂ ಬಿಟ್ಟು ಹೊರಟಿದ್ದರು.

ಕೊನೆಯದಾಗಿ ಸುಂಕ ನೋಡಿ

ಎಲ್ಲ ಲೆಕ್ಕ ಸರಿಯಾಗಿದ್ದೂ ಚಿನಿವಾರ ಪೇಟೆಯ ದರ ಹೊಂದದಿದ್ದರೆ ಸರ್ಕಾರ ಏನಾದರೂ ಮಾಡಿದೆಯೇ ನೋಡಿ. 2024ರ ಜುಲೈ 23ರ ಬಜೆಟ್‌ನಲ್ಲಿ ಸುಂಕ ಶೇ 15ರಿಂದ 6ಕ್ಕೆ ಇಳಿಯಿತು. ಅಂದು ನಮ್ಮಲ್ಲಿ ಚಿನ್ನ ದಿಢೀರನೆ ಅಗ್ಗವಾಯಿತು. ಅದರಲ್ಲಿ ಡಾಲರಿನ ಪಾತ್ರ ಏನೂ ಇರಲಿಲ್ಲ.